ಕಾಶವ್ವ ಓದಿದ ಪ್ರೂಫು

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಲಾಡ್ಜುಗಳ ಸಾಲು ದಾಟಿ, ಎಡಕ್ಕೆ ಹೊರಳಿದರೆ ಒಂದು ಓಣಿ. ಆ ಓಣಿಯ ತುದಿಗೆ ಬಸವಂತರಾಯರ ಕನ್ನಡ ಪ್ರೆಸ್ಸು. ಅಲ್ಲಿ ಹದಿನೆಂಟು ವರ್ಷದಿಂದ ಪ್ರೂಫ್ ನೋಡುತ್ತಿದ್ದವರು ಗುರಲಿಂಗಪ್ಪ. ಧಾರವಾಡ ಕಡೆಯವರು. ಎಪ್ಪತ್ತೆರಡನೆಯ ಇಸವಿಗೆ ಅವರಿಗೆ ಐವತ್ತಾರು ತುಂಬಿತ್ತು, ಆದರೆ ಬೊರಿವಲಿಯ ಗಾಡಿಯಿಂದ ಇಳಿದು ಓಣಿಯಲ್ಲಿ ಕಾಲೆಳೆಯುತ್ತ ಬರುವಾಗ ನೋಡಿದವರು ಎಪ್ಪತ್ತು ಎನ್ನುತ್ತಿದ್ದರು. ಪ್ರೂಫ್ ನೋಡುವವನ ಹಣೆಬರಹವೇ ಹಾಗೆ. ನೂರು ಪುಟ ಸರಿಯಿದ್ದರೆ ಅದು ಬರೆದವರ ಜಾಣತನ, ಒಂದು ಸಾಲು ತಪ್ಪಿದರೆ ಮಾತ್ರ ಇವನ ಹೆಸರು ಎಲ್ಲರ ಬಾಯಲ್ಲಿ.

ಮುಂಬಯಿಯ ಕನ್ನಡಿಗರು ಇಂಗ್ಲಿಷ್ ಶಬ್ದವಿಲ್ಲದೆ ಒಂದು ವಾಕ್ಯ ಮುಗಿಸುವವರಲ್ಲ. ಅದರ ಬಗ್ಗೆ ಗುರಲಿಂಗಪ್ಪನವರಿಗೆ ತಕರಾರಿರಲಿಲ್ಲ. ಅವರ ಹೊಟ್ಟೆ ಉರಿಯುತ್ತಿದ್ದುದು ಆ ಶಬ್ದದ ಬಾಲ ನೋಡಿ. ವಿಜಾಪುರದ ಗಿರಾಕಿ ‘ಬಸ್‌ದಲ್ಲಿ’ ಎಂದು ಬರೆದು ತರುತ್ತಿದ್ದ. ಕರಾವಳಿಯವರು ‘ಬಸ್-ನಲ್ಲಿ’ ಎಂದು ನಡುವೆ ಅಡ್ಡಗೆರೆ ಎಳೆಯುತ್ತಿದ್ದರು. ಕಾಲೇಜು ಕಲಿತವರು ಇನ್ನೂ ಶಾಣ್ಯಾರು, ‘ಬಸ್-ಅಲ್ಲಿ’ ಎನ್ನುತ್ತಿದ್ದರು. ಒಂದೇ ಪುಸ್ತಕದಲ್ಲಿ ಒಂದೇ ಬಸ್ಸು ಮೂರು ವೇಷ ಹಾಕಿಕೊಂಡು ಓಡಾಡುವುದನ್ನು ನೋಡಲಾರದೆ ಅವರು ಒಂದು ದಿನ ಕೂತು ಒಂದು ಹಾಳೆ ಬರೆದರು. ಅಚ್ಚಿನ ಮೊಳೆ ಜೋಡಿಸುವ ಶೆಟ್ಟೆಪ್ಪನ ಎದುರಿನ ಗೋಡೆಗೆ ಅದನ್ನು ಅಂಟಿಸಿದರು.

ಹಾಳೆಯಲ್ಲಿ ಇದ್ದುದು ಇಷ್ಟು. ಇಂಗ್ಲಿಷ್ ಶಬ್ದವನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಅದು ನಮ್ಮ ಮನೆಗೆ ಬಂದ ಹಾಗೆ, ಪ್ರತ್ಯಯವನ್ನು ಕೂಡಿಸಿಯೇ ಬರೆಯಬೇಕು, ಅಡ್ಡಗೆರೆ ಬೇಡ. ಕೊನೆಗೆ ಅರ್ಧ ವ್ಯಂಜನವಿದ್ದರೆ ಸ್ವರ ಕೊಟ್ಟು ಎತ್ತಿಕೊಳ್ಳಬೇಕು: ಬ್ಯಾಂಕಿಗೆ, ಬ್ಯಾಂಕಿನಲ್ಲಿ, ಬ್ಯಾಂಕನ್ನು. ಬಸ್, ಮಿಲ್, ಪ್ಲಗ್ ಎಂಬಂಥ ಸಣ್ಣ ಶಬ್ದದಲ್ಲಿ ವ್ಯಂಜನದ ಹಿಂದಿನ ಸ್ವರ ಗಿಡ್ಡವಿದ್ದರೆ ಆ ವ್ಯಂಜನ ಇಮ್ಮಡಿ: ಬಸ್ಸಿಗೆ, ಮಿಲ್ಲಿಗೆ, ಪ್ಲಗ್ಗಿಗೆ. ಸ್ವರ ಉದ್ದವಿದ್ದರೆ ಇಮ್ಮಡಿ ಇಲ್ಲ: ರೋಡಿಗೆ, ಫ್ಯೂಸಿಗೆ. ಕೊನೆಗೆ ಇಕಾರವಿದ್ದರೆ ಯಕಾರ ಬರುತ್ತದೆ: ಬ್ಯಾಟರಿಯಲ್ಲಿ, ಕಂಪನಿಯನ್ನು. ಆಕಾರವಿದ್ದರೆ ದಕಾರ: ಸಿನಿಮಾದಲ್ಲಿ. ಶಬ್ದವನ್ನು ಇಂಗ್ಲಿಷ್ ಅಕ್ಷರದಲ್ಲೇ ಉಳಿಸಿದರೆ ಮಾತ್ರ ನಡುವೆ ಅಡ್ಡಗೆರೆ, ಆಗಲೂ ಪ್ರತ್ಯಯ ಹತ್ತುವುದು ಬಾಯಲ್ಲಿ ಕೇಳುವ ಕೊನೆಯ ಧ್ವನಿಗೆ, ಕಾಗದದಲ್ಲಿ ಕಾಣುವ ಕೊನೆಯ ಅಕ್ಷರಕ್ಕಲ್ಲ.

ಶೆಟ್ಟೆಪ್ಪ ಅದನ್ನು ಓದಿ, “ಮಾಸ್ತರ, ನಮ್ಮ ಊರಾಗ ಎಲ್ಲಾದಕ್ಕೂ ದಲ್ಲಿ ಹಚ್ಚಿಬಿಡ್ತೀವ್ರಿ, ಮುಗೀತು” ಎಂದಿದ್ದ. ಅವನ ಕೈ ಕೊನೆಯವರೆಗೂ ಹಾಗೆಯೇ ಹಚ್ಚುತ್ತಿತ್ತು. ಗುರಲಿಂಗಪ್ಪ ಪ್ರೂಫಿನಲ್ಲಿ ಅದನ್ನು ಕಿತ್ತುಹಾಕುತ್ತಿದ್ದರು. ಹೀಗೆ ಇಬ್ಬರ ಸಂಸಾರ ಸಾಗಿತ್ತು.

ಕಣ್ಣು ಹೋಗತೊಡಗಿದ್ದು ಅರವತ್ತೆಂಟರಲ್ಲಿ. ಪೂರಾ ಕತ್ತಲಾಗಲಿಲ್ಲ. ಅದಾದರೂ ಆಗಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. ನಡುವಿನ ನೋಟ ಮಾತ್ರ ಮಾಸಿತು. ಬದಿಗೆ ಬರುವ ಬಸ್ಸು ಕಾಣುತ್ತಿತ್ತು, ಸ್ಟೇಷನ್ನಿನ ಮೆಟ್ಟಿಲು ಕಾಣುತ್ತಿತ್ತು. ನೆಟ್ಟಗೆ ನೋಡಿದ ಅಕ್ಷರ ಮಾತ್ರ ಬೂದಿಯಾಗುತ್ತಿತ್ತು. ದವಾಖಾನೆಯಲ್ಲಿ ಡಾಕ್ಟರು, ಇದು ಪೊರೆಯಲ್ಲ, ಕಣ್ಣಿನ ಹಿಂಭಾಗವೇ ಸವೆದಿದೆ, ಚಾಳೀಸಿನ ಕನ್ನಡಕದಿಂದ ಸರಿಹೋಗುವುದಲ್ಲ ಎಂದು ಹೇಳಿ ಮುಂದಿನ ರೋಗಿಯನ್ನು ಕರೆದರು. ಗುರಲಿಂಗಪ್ಪ ಹೊರಗೆ ಬಂದು ಬೆಂಚಿನ ಮೇಲೆ ಬಹಳ ಹೊತ್ತು ಕೂತರು. ಪ್ರೂಫ್ ನೋಡುವುದು ಬಿಟ್ಟು ಅವರಿಗೆ ಬೇರೇನೂ ಬರುತ್ತಿರಲಿಲ್ಲ. ಪ್ರೆಸ್ಸಿನ ಆ ಖುರ್ಚಿ ಹೋದರೆ ತಾವು ಯಾರು ಎಂಬುದೇ ಅವರಿಗೆ ತಿಳಿಯಲಿಲ್ಲ.

ಹೆಂಡತಿ ಕಾಶವ್ವ ಕನ್ನಡ ನಾಲ್ಕನೆಯ ಇಯತ್ತೆ ಕಲಿತವಳು. ಒಲೆಯ ಮುಂದೆ ಕೂತು ಪುರಾಣ ಓದುವಷ್ಟು ಬರುತ್ತಿತ್ತು. ಅಂದು ಸಂಜೆ ಗುರಲಿಂಗಪ್ಪ ಅವಳ ಮುಂದೆ ತಿದ್ದಬೇಕಾಗಿದ್ದ ಗ್ಯಾಲಿ ಪ್ರೂಫ್ ಇಟ್ಟು, “ಓದು, ನಾ ಕೇಳ್ತೀನಿ” ಎಂದರು. ಅವಳು ಯಾಕೆಂದು ಕೇಳಲಿಲ್ಲ. ಹಿಂದಿನ ವಾರ ಉಪ್ಪಿನ ಡಬ್ಬಿಯೆಂದು ಸಕ್ಕರೆ ಡಬ್ಬಿ ತೆಗೆದವರನ್ನು ಅವಳು ನೋಡಿಯೇ ಇದ್ದಳು.

ಪ್ರೆಸ್ಸಿನಲ್ಲಿ ಅವರು, ಯಂತ್ರದ ಗದ್ದಲಕ್ಕೆ ತಲೆ ಸಿಡಿಯುತ್ತದೆ, ಪ್ರೂಫ್ ಮನೆಗೆ ಒಯ್ಯುತ್ತೇನೆ ಎಂದು ಹೇಳಿದರು. ಹದಿನಾಲ್ಕು ವರ್ಷ ತಪ್ಪು ಬಿಡದ ಮನುಷ್ಯನ ಮಾತನ್ನು ಯಾರು ಅನುಮಾನಿಸುತ್ತಾರೆ? ಸಂಜೆ ಏಳೂವರೆಗೆ ಊಟ ಮುಗಿಸಿ ಗಂಡ ಹೆಂಡತಿ ಬೊರಿವಲಿಯ ಚಾಳಿನ ಖೋಲಿಯಲ್ಲಿ ದೀಪದ ಕೆಳಗೆ ಕೂಡುತ್ತಿದ್ದರು. ಅವಳು ಅಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು. ಅಡ್ಡಗೆರೆ ಕಿವಿಗೆ ಕೇಳುವುದಿಲ್ಲವಲ್ಲ, ಅದಕ್ಕೆ ಅದು ಬಂದಲ್ಲಿ ಬೆರಳಿನ ಉಂಗುರದಿಂದ ಟ್ರಂಕಿನ ಮೇಲೆ ಒಮ್ಮೆ ಬಡಿಯಬೇಕು. ಅವರು ಕಿವಿ ನಿಮಿರಿಸಿ ಕೇಳಿ ತಪ್ಪು ಹಿಡಿದಾಗ ಅವಳು ಅಂಚಿನಲ್ಲಿ ಅವರು ಕಲಿಸಿದ ಗುರುತು ಹಾಕಬೇಕು. ಕೆಳಗೆ ಸಹಿ ಮಾತ್ರ ಅವರದು.

ಮೊದಲ ವರ್ಷ ಇಬ್ಬರಿಗೂ ಸಾಕುಸಾಕಾಗಿ ಹೋಯಿತು.

“ಬ್ಯಾಂಕ್‌ದಲ್ಲಿ,” ಎಂದು ಅವಳು ಓದುತ್ತಿದ್ದಳು.

“ತಪ್ಪು. ಬ್ಯಾಂಕಿನಲ್ಲಿ. ಗುರುತು ಹಾಕು.”

“ಮಿಲ್,” ಟಕ್, “ಗೆ.”

“ಅಡ್ಡಗೆರೆ ತಗಿ. ಮಿಲ್ಲಿಗೆ. ಲಕಾರಕ್ಕ ಇನ್ನೊಂದು ಲಕಾರ.”

“ಎಷ್ಟು ಸಲ ಹೇಳ್ತೀರಿ, ನನಗ ತಿಳೀತೈತ್ರಿ,” ಎಂದು ಅವಳು ಸಿಡುಕುತ್ತಿದ್ದಳು. ತಿಳಿಯುತ್ತಲೂ ಇತ್ತು. ಎರಡನೆಯ ವರ್ಷಕ್ಕೆ ಅವರು ಬಾಯಿ ತೆರೆಯುವ ಮೊದಲೇ ಅವಳ ಪೆನ್ಸಿಲ್ ಗುರುತು ಹಾಕಿರುತ್ತಿತ್ತು. ಆಮೇಲಾಮೇಲೆ ಗುರುತು ಕಡಿಮೆಯಾಗುತ್ತ ಬಂತು. ಶೆಟ್ಟೆಪ್ಪ ಅಂತೂ ಕಲಿತ ಎಂದು ಗುರಲಿಂಗಪ್ಪ ಸಂತೋಷಪಟ್ಟರು. ಅವರ ದುಡಿದ ಕಿವಿಗೂ ಸ್ವಲ್ಪ ಬಿಡುವು ಬೇಕಾಗಿತ್ತು.

ಆಗಿನ ಕೆಲಸವೆಲ್ಲ ಲಗ್ನಪತ್ರಿಕೆ, ಸಂಘದ ವರದಿ, ಹೋಟೆಲಿನ ಜಾಹೀರಾತು. ಇಂಗ್ಲಿಷ್ ಶಬ್ದ ಪುಟಕ್ಕೆ ಎರಡೋ ಮೂರೋ. ಒಂದು ತಪ್ಪು ಉಳಿದರೂ ಯಾರೂ ಕೇಳುತ್ತಿರಲಿಲ್ಲ. ಎಪ್ಪತ್ತೆರಡರ ಬೇಸಿಗೆಯಲ್ಲಿ ರಮಾನಾಥ ಬಂದರು.

ರಮಾನಾಥ ಕುಂದಾಪುರ ಕಡೆಯವರು, ವಿಲೆ ಪಾರ್ಲೆಯಲ್ಲಿ ರವಿವಾರ ರವಿವಾರ ಕನ್ನಡದ ಕೂಲಿಕಾರರಿಗೆ ವೈರಿಂಗ್ ಕಲಿಸುತ್ತಿದ್ದವರು. ಆ ಪಾಠವನ್ನೆಲ್ಲ ಪುಸ್ತಕ ಮಾಡಿದ್ದರು. ಸಾಲಿಗೆ ಮೂರು ಇಂಗ್ಲಿಷ್ ಶಬ್ದ, ಪ್ರತಿಯೊಂದಕ್ಕೂ ಅಡ್ಡಗೆರೆ: ಸ್ವಿಚ್-ಗೆ, ವೈರ್-ಅನ್ನು, ಬ್ಯಾಟರಿ-ಗೆ. ಮೊದಲು ಅವರೂ, ಶಬ್ದ ಬಿಡಿಬಿಡಿಯಾಗಿ ಕಂಡರೆ ಗುರುತು ಸಿಗುತ್ತದೆ ಎಂದುಕೊಂಡಿದ್ದರಂತೆ. ಆದರೆ ಕೈಬರಹದ ಪ್ರತಿಯನ್ನು ತರಗತಿಯಲ್ಲಿ ಓದಿಸಿದಾಗ ಒಬ್ಬ ಗೌಂಡಿ ‘ಬ್ಯಾಟರಿ-ಗೆ’ ಎಂಬುದರ ಮೇಲೆ ಬೆರಳಿಟ್ಟು, ಇದು ಮೈನಸ್ಸೇ ಎಂದು ಕೇಳಿದನಂತೆ.

“ಬ್ಯಾಟರಿ ಪಕ್ಕದಲ್ಲಿ ಅಡ್ಡಗೆರೆ ಕಂಡ್ರೆ ಅವ ಮತ್ತೆ ಎಂತ ತಿಳ್ಕೊಳ್ಬೇಕು ಮಾರಾಯ್ರೆ?” ಎಂದರು ರಮಾನಾಥ. “ತಪ್ಪು ನಂದೇ. ಎಲ್ಲ ತೆಗ್ದು ಕೂಡಿಸಿ ಹಾಕಿ. ಒಂದು ಶಬ್ದ ಎಲ್ಲ ಕಡೆ ಒಂದೇ ಹಾಗೆ ಕಾಣ್ಬೇಕು. ನಮ್ಮವ್ರು ಅಕ್ಷರ ಕೂಡಿಸಿ ಕೂಡಿಸಿ ಓದುವವ್ರು.”

ಬಸವಂತರಾಯರು ಗುರಲಿಂಗಪ್ಪನವರ ಬೆನ್ನು ತಟ್ಟಿ, “ಇದು ನಮ್ಮ ಮಾಸ್ತರರ ಕೆಲಸ. ಇವರ ಹಾಳಿ ಗ್ವಾಡಿ ಮ್ಯಾಲೇ ಐತಿ. ನೀವು ನಿಶ್ಚಿಂತಿಯಿಂದ ಹೋಗ್ರಿ” ಎಂದರು.

ಆ ಪುಸ್ತಕವನ್ನು ಕಾಶವ್ವ ಹನ್ನೆರಡು ಸಂಜೆ ಓದಿದಳು. ಎಂಥ ಓದು! ಒಂದು ಕಡೆಯೂ ತೊಡರಲಿಲ್ಲ, ಒಂದು ಕಡೆಯೂ ಟ್ರಂಕ್ ಬಡಿಯಲಿಲ್ಲ. “ಬೆಲ್ಲಿನ ಒಂದು ವೈರನ್ನು ಸ್ವಿಚ್ಚಿಗೆ ಜೋಡಿಸಿ. ಸ್ವಿಚ್ಚಿನಿಂದ ಬಂದ ವೈರನ್ನು ಬ್ಯಾಟರಿಗೆ ಕೊಡಿ.” ಕೇಳುತ್ತ ಕೇಳುತ್ತ ಗುರಲಿಂಗಪ್ಪ ಗೋಡೆಗೆ ಒರಗಿದರು. ತಾವು ಬರೆದ ಹಾಳೆ ಬಾಯಿ ಬಿಟ್ಟು ಮಾತಾಡಿದ ಹಾಗಿತ್ತು. ಅವರಿಗೆ ಪುಟಕ್ಕೆ ಪುಟವೇ ಬಾಯಿಪಾಠವಾಯಿತು. ಎರಡು ಸಲ ತೂಕಡಿಕೆಯೂ ಬಂತು. ಅದನ್ನು ನಾನು ಮುಚ್ಚಿಡುವುದಿಲ್ಲ. ನಾಲ್ಕು ವರ್ಷ ಕಳ್ಳನ ಹಾಗೆ ದುಡಿದ ಮನುಷ್ಯ, ಒಂದು ಗಳಿಗೆ ಕಣ್ಣು ಮುಚ್ಚಿದರೆ ಏನು ತಪ್ಪು? ಮುಚ್ಚದಿದ್ದರೂ ಆ ಕಣ್ಣು ಮಾಡುವುದೇನಿತ್ತು?

ಮೊದಲ ಹದಿನಾರು ಪುಟ ಅಚ್ಚಾಗಿ ಬಂದ ಮೂರನೆಯ ದಿನ ರಮಾನಾಥ ಹಾಳೆ ಹಿಡಿದುಕೊಂಡು ಪ್ರೆಸ್ಸಿಗೆ ಬಂದರು. ಬಸವಂತರಾಯರು ತಮ್ಮ ಕೋಣೆಗೆ ಗುರಲಿಂಗಪ್ಪನವರನ್ನು ಕರೆಸಿದರು. ಶೆಟ್ಟೆಪ್ಪನೂ ಬಾಗಿಲಲ್ಲಿ ಬಂದು ನಿಂತ.

“ಏಳನೇ ಪುಟ, ಎರಡನೇ ಪ್ಯಾರಾ,” ಎಂದು ರಮಾನಾಥ ಹಾಳೆಯನ್ನು ಅವರ ಕೈಗೆ ಕೊಟ್ಟರು. ಧ್ವನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು. “ನೀವೇ ಓದಿ ನೋಡಿ.”

ಗುರಲಿಂಗಪ್ಪನವರಿಗೆ ಹಾಳೆಯ ಅಕ್ಷರ ಬೂದಿಯಾಗಿಯೇ ಕಂಡಿತು. ಆದರೂ ಏಳನೆಯ ಪುಟ, ಎರಡನೆಯ ಪ್ಯಾರಾ ನಾಲಿಗೆಯ ಮೇಲೇ ಇತ್ತು. ಹಾಳೆಯನ್ನು ಸರಿಯಾದ ದೂರಕ್ಕೆ ಹಿಡಿದು, ತಲೆ ತುಸು ತಗ್ಗಿಸಿ, ಅವರು ನಿಧಾನವಾಗಿ ಓದಿದರು.

“ಬೆಲ್ಲಿನ ಒಂದು ವೈರನ್ನು ಸ್ವಿಚ್ಚಿಗೆ ಜೋಡಿಸಿ. ಸ್ವಿಚ್ಚಿನಿಂದ ಬಂದ ವೈರನ್ನು ಬ್ಯಾಟರಿಗೆ ಕೊಡಿ. ಇದರಾಗ ತಪ್ಪೇನೈತ್ರಿ ಸಾಹೇಬ್ರ?”

ಬಸವಂತರಾಯರು ಎದ್ದು ಬಂದು ಅವರ ಭುಜದ ಹಿಂದೆ ನಿಂತು ಹಾಳೆ ನೋಡಿದರು. ಆಮೇಲೆ ಅವರ ಮುಖ ನೋಡಿದರು.

“ಮಾಸ್ತರ,” ಎಂದರು ಮೆಲ್ಲಗೆ, “ಕಾಗದದಾಗ ಹಂಗ ಇಲ್ರಿ.”

ಕಾಗದದಲ್ಲಿ ಇದ್ದುದನ್ನು ಶೆಟ್ಟೆಪ್ಪ ಓದಿದ. ತನ್ನ ಕೈಯ ಕೆಲಸವಾದ್ದರಿಂದ ಅವನ ಧ್ವನಿ ಬಹಳ ಸಣ್ಣದಾಗಿತ್ತು. “ಬೆಲ್‌ದ ಒಂದು ವೈರ್, ಅಡ್ಡಗೆರಿ, ಅನ್ನು, ಸ್ವಿಚ್‌ಕ್ಕೆ ಜೋಡಿಸಿ. ಸ್ವಿಚ್, ಅಡ್ಡಗೆರಿ, ಇಂದ ಬಂದ ವೈರನ್ನು ಬ್ಯಾಟರಿ, ಅಡ್ಡಗೆರಿ, ಗೆ ಕೊಡಿ.” ಓದಿ ಮುಗಿಸಿ, “ಸಾಹೇಬ್ರ ಕೈಬರಹದಾಗ ಗೆರಿ ಇದ್ದೂವ್ರಿ. ನೋಡಿಕೊಂಡು ಜೋಡಿಸೋವಾಗ ಕೆಲವು ಹಂಗಽ ಬಂದಾವು, ಕೆಲವು ನನ್ನ ಕೈಗೆ ಬಂದಾಂಗ ಆಗ್ಯಾವು. ಮಾಸ್ತರ ತಗೀತಾರ ಅಂತ ಬಿಟ್ಟೆ. ಪ್ರೂಫಿನ ಮ್ಯಾಲ ಸಹಿ ಇತ್ತು” ಎಂದ.

ಗುರಲಿಂಗಪ್ಪ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಮೇಜಿನ ಅಂಚು ಕೈಗೆ ಸಿಗುವವರೆಗೆ ತಡಕಾಡಿ ಇಟ್ಟರು. ಅಷ್ಟರಲ್ಲಿ ಎಲ್ಲರಿಗೂ ಎಲ್ಲ ತಿಳಿದಿತ್ತು.

“ಯಾವಾಗಿಂದ?” ಎಂದು ಬಸವಂತರಾಯರು ಕೇಳಿದರು.

“ನಾಕು ವರ್ಷ ಆತ್ರಿ.”

“ನಾಕು ವರ್ಷ ಓದಿದವರು ಯಾರು?”

“ನಮ್ಮ ಮನಿಯಾಕಿ.”

ಬೈದಿದ್ದರೆ ಚೆನ್ನಾಗಿತ್ತು. ಬಸವಂತರಾಯರು ಬೈಯಲಿಲ್ಲ. ಹದಿನಾರು ಪುಟ ಮತ್ತೆ ಜೋಡಿಸು ಎಂದು ಶೆಟ್ಟೆಪ್ಪನಿಗೆ ಹೇಳಿದರು. ರಮಾನಾಥರಿಗೆ ಕೈ ಮುಗಿದರು. ಗುರಲಿಂಗಪ್ಪನವರಿಗೆ, ಇವತ್ತು ಮನೆಗೆ ಹೋಗ್ರಿ ಎಂದರು. ಮಧ್ಯಾಹ್ನದ ಖಾಲಿ ಗಾಡಿಯಲ್ಲಿ ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರಿಗೆ ಕೂಡಲು ಜಾಗ ಸಿಕ್ಕಿತು. ಕೂತು ಅವರು ಒಂದನ್ನೇ ಯೋಚಿಸಿದರು: ಅವಳು ಸುಳ್ಳು ಓದಿದಳೇ? ತನಗೆ ಬೇಜಾರಾಗಬಾರದೆಂದು, ಬೇಗ ಮುಗಿಯಲೆಂದು, ನಾಲ್ಕು ವರ್ಷ ಕುರುಡನ ಕಿವಿಗೆ ಹೂ ಇಟ್ಟಳೇ?

ಮನೆಗೆ ಬಂದವರೇ ನಡೆದುದನ್ನು ಹೇಳಿ, ಪ್ರೆಸ್ಸಿನಿಂದ ತಂದಿದ್ದ ಏಳನೆಯ ಪುಟ ಕೊಟ್ಟರು. ಕಾಶವ್ವ ಓದಿದಳು. “ಬೆಲ್ಲಿನ ಒಂದು ವೈರನ್ನು ಸ್ವಿಚ್ಚಿಗೆ...”

“ಹಂಗಿಲ್ಲ ಅದರಾಗ!” ಎಂದು ಅವರು ಕೂಗಿದರು. “ಇದ್ದದ್ದು ಓದು!”

“ಇದ್ದದ್ದಽ ಓದಾಕತ್ತೀನ್ರೀ!”

“ಒಂದೊಂದು ಅಕ್ಷರದ ಮ್ಯಾಲ ಬೆರಳು ಇಡು. ಸಾವಕಾಶ.”

ಅವಳು ಬೆರಳಿಟ್ಟಳು. “ಬೆ... ಲ್... ದ...” ಎಂದು ನಿಂತಳು. ಮತ್ತೆ ಹಿಂದಕ್ಕೆ ಹೋದಳು. ಪುಟವಿಡೀ ಹಾಗೆ ಬೆರಳಾಡಿಸಿದಳು. ಕೊನೆಗೆ ಸೆರಗು ಕಣ್ಣಿಗೆ ಒತ್ತಿಕೊಂಡಳು.

“ನಾ ಕಂಡೇ ಇಲ್ರೀ,” ಎಂದಳು. “ದೇವರಾಣಿ, ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಸ್ವಿಚ್ ಅನ್ನೂದು ಕಂಡ ಕೂಡಲೇ ಬಾಯಿ ಸ್ವಿಚ್ಚಿಗೆ ಅಂದುಬಿಡ್ತೈತಿ. ನಾಕು ವರ್ಷ ಹಂಗಲ್ಲ ಹಿಂಗ, ಹಂಗಲ್ಲ ಹಿಂಗ ಅಂತ ದಿನಾ ತಿದ್ದಿದವರು ಯಾರು? ನೀವಽ. ತಿದ್ದಿದ್ದು ನಾಲಿಗ್ಯಾಗ ಕುಂತುಬಿಟ್ಟೈತಿ. ನಾ ಏನು ಮಾಡ್ಲಿ?”

ಗುರಲಿಂಗಪ್ಪನವರಿಗೆ ಈಗ ತಿಳಿಯಿತು. ಏನೂ ಬರದವಳಾಗಿದ್ದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಓದಿದ್ದಳು. ಎಲ್ಲ ಬಂದ ಮೇಲೆ ಅವಳ ಓದು ಕೆಲಸಕ್ಕೆ ಬಾರದಾಯಿತು. ಶೆಟ್ಟೆಪ್ಪ ಕಲಿತ ಎಂದು ಅವರು ಖುಷಿಪಟ್ಟ ದಿನದಿಂದಲೇ ತಪ್ಪುಗಳು ಅವಳ ಬಾಯಲ್ಲಿ ಸರಿಯಾಗಿ, ಕಾಗದದಲ್ಲಿ ಹಾಗೆಯೇ ಉಳಿದು ಅಚ್ಚಾಗುತ್ತಿದ್ದವು. ಅವಳ ಮೇಲೆ ಸಿಟ್ಟು ಮಾಡಲು ಅವರು ಪ್ರಯತ್ನಪಟ್ಟರು. ಆಗಲಿಲ್ಲ. ಕೈ ಚಾಚಿ ಅವಳ ಮೊಣಕಾಲು ಸಿಕ್ಕ ಕಡೆ ಮುಟ್ಟಿ, “ಅಳಬ್ಯಾಡ. ಚಹಾ ಮಾಡು” ಎಂದರು.

ಮೂರು ದಿನ ಪ್ರೆಸ್ಸಿನಿಂದ ಸುದ್ದಿ ಬರಲಿಲ್ಲ. ನಾಲ್ಕನೆಯ ದಿನ ಸಂಜೆ ಶೆಟ್ಟೆಪ್ಪ ಬೊರಿವಲಿಗೆ ಬಂದ. ಹೊಸದಾಗಿ ಜೋಡಿಸಿದ ಹದಿನಾರು ಪುಟದ ಪ್ರೂಫನ್ನು ತಂದಿದ್ದ. ಅದನ್ನು ಗುರಲಿಂಗಪ್ಪನವರ ಕೈಗೆ ಕೊಡಲು ಹೋದವನು ಕೈ ಹಿಂದಕ್ಕೆ ತೆಗೆದು ಕಾಶವ್ವನಿಗೆ ಕೊಟ್ಟ.

“ಮಾಲಕರು ಹೇಳ್ಯಾರ್ರಿ, ವೈನಿ. ಮನ್ಯಾಗ ಕುಂತು ನೀವಽ ನೋಡಿಕೊಡಬೇಕಂತ. ಈ ಕಾಯದೆ ಬಾಯಾಗ ಇದ್ದವರು ಮುಂಬಯಿದಾಗ ಇಬ್ಬರಽ, ಅವರಾಗ ಕಣ್ಣಿದ್ದವರು ಒಬ್ಬರು ಅಂದ್ರು. ಸಹಿನೂ ನಿಮ್ಮದಽ ಬೇಕಂತ.” ಆಮೇಲೆ ಅವನು ಗುರಲಿಂಗಪ್ಪನವರ ಕಾಲು ಮುಟ್ಟಿದ. “ಮಾಸ್ತರ, ನಿಮ್ಮ ಖುರ್ಚಿಗೆ ಬ್ಯಾರೇ ಮನಷ್ಯಾನ್ನ ತರೂದಿಲ್ಲಂತ. ಕಟ್ಟಿಗಿ ಕಪಾಟು ಇಡ್ತಾರಂತ ಅಲ್ಲೆ.”

ಅವನ ಮಟ್ಟಿಗೆ ಅದು ಸಮಾಧಾನದ ಮಾತೇ ಆಗಿತ್ತು.

ಅವನು ಹೋದ ಮೇಲೆ ಕಾಶವ್ವ ಪ್ರೂಫನ್ನು ಟ್ರಂಕಿನ ಮೇಲೆ ಇಟ್ಟಳು. “ಬ್ಯಾಡ ಅಂತ ಕಳಿಸಲೇನ್ರಿ?” ಎಂದು ಕೇಳಿದಳು. ಕಳಿಸಬೇಡವೆಂದು ಗುರಲಿಂಗಪ್ಪ ತಲೆಯಾಡಿಸಿದರು. ರಮಾನಾಥರ ಕೂಲಿಕಾರರು ಪುಸ್ತಕಕ್ಕಾಗಿ ಕಾದು ಕೂತಿದ್ದರು. ತಮಗಾಗದಿದ್ದರೂ ಆ ಬ್ಯಾಟರಿಯ ಪಕ್ಕದ ಗೆರೆ ಹೋಗಲೇಬೇಕಾಗಿತ್ತು.

ಊಟವಾದ ಮೇಲೆ ಅವಳು ದೀಪದ ಕೆಳಗೆ ಪ್ರೂಫ್ ಹರಡಿಕೊಂಡಳು. ಒಂದು ಹೊಲಿಗೆಯ ಸೂಜಿ ತೆಗೆದುಕೊಂಡು ಅದರ ತುದಿಯನ್ನು ಒಂದೊಂದೇ ಅಕ್ಷರದ ಕೆಳಗೆ ಇಡುತ್ತ ಹೋದಳು. ಗುರಲಿಂಗಪ್ಪ ಎಂದಿನ ಜಾಗದಲ್ಲಿ ಗೋಡೆಗೆ ಒರಗಿ ಕೂತರು, ಎಂದಿನಂತೆ ಕಿವಿ ನಿಮಿರಿಸಿದರು. ಪೆನ್ಸಿಲ್ಲಿನ ಕರಕರ ಒಮ್ಮೆ ಕೇಳಿಸಿತು. ಏನು ತೆಗೆದಳೋ, ಎಲ್ಲಿ ತೆಗೆದಳೋ. ಮತ್ತೆ ನಿಶ್ಶಬ್ದ. ಹಾಳೆ ಮಗುಚುವ ಸದ್ದು. ಎರಡು ಪುಟ ಹೀಗೆಯೇ ಕಳೆದವು.

“ಕಾಶವ್ವಾ,” ಎಂದರು ಕೊನೆಗೆ, “ಒಂದೀಟು ಗಟ್ಟಿಯಾಗಿ ಓದಬಾರದ?”

ಅವಳು ಸೂಜಿ ಎತ್ತಲಿಲ್ಲ.

“ಗಟ್ಟಿಯಾಗಿ ಓದಿದ್ರ ತಪ್ಪು ಸಿಗಂಗಿಲ್ರೀ,” ಎಂದಳು. “ನೀವು ಮಲಕೋರಿ.”